ಮೀಟರು ಇಲ್ಲೇ ಇದೆ, ವಿಳಾಸ ಹೊಳೆಯಾಚೆ

ಕರೆಂಟ್ ಬಿಲ್ಲು ಕೈಗೆ ಬಂದಾಗ ನಾವು ನೋಡುವುದು ಎರಡನ್ನೇ: ಎಷ್ಟು ಯುನಿಟ್ ಉರಿದಿದೆ, ಎಷ್ಟು ರೂಪಾಯಿ ಕಟ್ಟಬೇಕು. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದನ್ನೂ ನೋಡುವುದಿಲ್ಲ. ಕಟ್ಟಬೇಕಾದ ಮೊತ್ತದ ಮುಂದೆ ಸೊನ್ನೆ ಕಂಡರೆ ಚೀಟಿ ನೇರ ಕಿಟಕಿಯ ಸರಳಿಗೋ ಕ್ಯಾಲೆಂಡರಿನ ಹಿಂದಕ್ಕೋ ಹೋಗುತ್ತದೆ. ಬಿಲ್ಲಿನ ಮೇಲ್ಭಾಗದಲ್ಲಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗುವ ವಿಳಾಸವನ್ನು ಓದುವವರು ಅಪರೂಪ. ಅದನ್ನು ಬೇರೆ ಯಾರೋ ಓದಿ, ‘ಇದು ನಿಮ್ಮ ಊರಲ್ಲವಲ್ಲ’ ಅಂದಾಗಲೇ ನಮಗೂ ಕಾಣುವುದು.

ನಮ್ಮ ಪಕ್ಕದ ಮನೆಯ ಕಾಕಾಗೆ ಹಾಗೆ ಅಂದವರು ಬ್ಯಾಂಕಿನವರು. ಕಾಕಾನ ಮನೆ ಇರುವುದು ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದಲ್ಲಿ, ಮಲಪ್ರಭೆಯ ದಂಡೆಗೆ ಹೋಗುವ ದಾರಿಯಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಸಂಸ್ಥೆ ಅದು. ವಟುಗಳು, ಗೋವುಗಳು, ವಿಭೂತಿ, ದಾಸೋಹ ಎಲ್ಲ ಅಲ್ಲೇ ಇವೆ. ಸಂಸ್ಥೆಯ ಆಸುಪಾಸಿಗೆ ಬಂದು ನೆಲೆನಿಂತ ಸಂಸಾರಗಳಲ್ಲಿ ಕಾಕಾನದೂ ಒಂದು. ಮೂಲ ಊರು ಹೊಳೆಯಾಚೆ. ಇಲ್ಲಿ ಜಾಗ ಕೊಂಡು, ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ ಈಗ ಮುಪ್ಪಿಗೆ ಬಂದಿದ್ದಾನೆ. ಆಧಾರ್ ಕಾರ್ಡಿನಲ್ಲಿ ಇನ್ನೂ ಹೊಳೆಯಾಚೆಯ ವಿಳಾಸವೇ ಇದೆ. ಬ್ಯಾಂಕಿನಲ್ಲಿ ಕೆ.ವೈ.ಸಿ. ಹೊಸದು ಮಾಡುವಾಗ, ‘ಈಗಿರುವ ವಿಳಾಸಕ್ಕೆ ಕರೆಂಟ್ ಬಿಲ್ ತನ್ನಿ, ಎರಡು ತಿಂಗಳಿಗಿಂತ ಹಳೆಯದು ಬೇಡ’ ಎಂದರು. ಕಾಕಾ ಖುಷಿಯಿಂದ ಬಿಲ್ಲು ಕೊಟ್ಟ. ಬಿಲ್ಲಿನಲ್ಲೂ ಹೊಳೆಯಾಚೆಯ ಊರೇ ಇತ್ತು. ಅದರ ಕೆಳಗೆ ಜಿಲ್ಲೆಯ ಹೆಸರು ಬಿಜಾಪುರ.

“ಅಲ್ರೀ ಮಾಸ್ತರ, ಮೀಟರ್ ನಮ್ಮ ಮನಿ ಗ್ವಾಡಿಗೆ ಐತಿ. ತಿಂಗಳಾ ಬಂದು ನೋಡ್ಕೊಂಡು ಹೋಗ್ತಾರ. ಮತ್ತ ಊರ ಬ್ಯಾರೇ ಯಾಕ ಬರದಾರ?” ಎಂದು ನನ್ನ ಮನೆಗೆ ಬಂದ. ಅರ್ಜಿ ಬರೆದುಕೊಡುವುದು ನಿವೃತ್ತಿಯ ನಂತರ ನನಗೆ ಒಲಿದ ಕೆಲಸ. ಬಿಲ್ಲನ್ನು ಕೈಗೆ ತೆಗೆದುಕೊಂಡು ನೋಡಿದೆ. ತಪ್ಪು ಎಲ್ಲಿ ಹುಟ್ಟಿತೆಂದು ತಿಳಿಯದೆ ತಿದ್ದುಪಡಿ ಕೇಳಿದರೆ ಅರ್ಧ ತಿದ್ದಿ ಅರ್ಧ ಉಳಿಯುತ್ತದೆ. ಅದಕ್ಕೇ ಮೊದಲು ಹಳೆಯ ಕಾಗದ ಹುಡುಕಿಸಿದೆ.

ಕಾಕಾನ ಟ್ರಂಕಿನಲ್ಲಿ ಸಂಪರ್ಕ ಪಡೆದಾಗಿನ ಅರ್ಜಿಯ ನಕಲು, ಠೇವಣಿ ಕಟ್ಟಿದ ರಸೀದಿ ಇದ್ದವು. ಕೆ.ಇ.ಬಿ. ಕಾಲದವು. ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ 1957ರಲ್ಲಿ ಆಯಿತು, 1999ರಲ್ಲಿ ಅದು ಪ್ರಸರಣ ನಿಗಮವಾಯಿತು, 2002ರಲ್ಲಿ ವಿತರಣೆ ಬೇರೆ ಕಂಪನಿಗಳಿಗೆ ಹೋಯಿತು. ನಮ್ಮ ಕಡೆ ಮಾತ್ರ ಅಂದೂ ಇಂದೂ ಅದು ಕೆ.ಇ.ಬಿ.ಯೇ, ಅಲ್ಲಿಗೆ ಹೋಗುವುದು ‘ಕೆ.ಇ.ಬಿ.ಗೆ ಹೋಗೂದು’. ಆ ಅರ್ಜಿಯಲ್ಲಿ ವಿಳಾಸಕ್ಕೆ ಎರಡು ಜಾಗ ಇದ್ದವು. ಒಂದು ಅರ್ಜಿದಾರನ ಕಾಯಂ ವಿಳಾಸ. ಇನ್ನೊಂದು ವಿದ್ಯುತ್ ಬೇಕಾಗಿರುವ ಸ್ಥಳ. ಮೊದಲನೆಯದರಲ್ಲಿ ಕಾಕಾ ರೇಷನ್ ಕಾರ್ಡಿನಲ್ಲಿದ್ದ ಹೊಳೆಯಾಚೆಯ ಊರು ಬರೆದಿದ್ದ. ಎರಡನೆಯದರಲ್ಲಿ ‘ಸದರಿ’ ಎಂದು ಒಂದೇ ಪದ ಹಾಕಿ ಬಿಟ್ಟಿದ್ದ. ಲೈನ್ ಎಳೆದವರು ಜಾಗಕ್ಕೆ ಬಂದು ನೋಡಿ ಎಳೆದರು, ತಂತಿ ಸರಿಯಾದ ಮನೆಗೇ ಬಂತು. ರಿಜಿಸ್ಟರ್ ಬರೆದವರು ಕಾಗದ ನೋಡಿ ಬರೆದರು, ಕಾಯಂ ವಿಳಾಸವೇ ಸಂಪರ್ಕದ ವಿಳಾಸವಾಯಿತು. ರಿಜಿಸ್ಟರು ಮುಂದೆ ಕಂಪ್ಯೂಟರಿಗೆ ಹೋದಾಗ ಇದ್ದದ್ದೇ ಹೋಯಿತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅರ್ಜಿ ಅದಕ್ಕೂ ಹಿಂದಿನದು, ಹಾಗಾಗಿ ಬಿಜಾಪುರ ಅಲ್ಲೇ ಕೂತಿದೆ.

ಇಷ್ಟು ವರ್ಷ ಇದು ಯಾರಿಗೂ ಅಡ್ಡಿಯಾಗಲಿಲ್ಲ. ಅದಕ್ಕೂ ಕಾರಣವಿದೆ. ಕಚೇರಿಯ ಲೆಕ್ಕ ನಡೆಯುವುದು ವಿಳಾಸದ ಮೇಲೆ ಅಲ್ಲ, ಆರ್.ಆರ್. ನಂಬರ್ ಮತ್ತು ಅಕೌಂಟ್ ಐ.ಡಿ.ಯ ಮೇಲೆ. ರೀಡಿಂಗಿಗೆ ಬರುವ ಹುಡುಗ ತನ್ನ ಸುತ್ತಿನ ದಾರಿ ಬಲ್ಲ, ಮೀಟರು ನೋಡುತ್ತಾನೆ, ಬಿಲ್ಲು ಹರಿದು ಕೊಡುತ್ತಾನೆ. ಹಣ ಕಟ್ಟುವಾಗ ಅಕೌಂಟ್ ಐ.ಡಿ. ಹೇಳಿದರೆ ಸಾಕು. ಗೃಹಜ್ಯೋತಿಗೆ ಆಧಾರ್ ಜೋಡಿಸಿದ್ದೂ ಅದೇ ಐ.ಡಿ.ಗೆ, ಅದಕ್ಕೇ ಕಾಕಾಗೆ ಆ ಸೌಲಭ್ಯ ತಪ್ಪಲಿಲ್ಲ. ವಿಳಾಸದ ಸಾಲು ಹೀಗೆ ಕಂಪನಿಯ ಒಳಗಿನ ಕೆಲಸಕ್ಕೆ ಹೆಚ್ಚು ಬಳಕೆಯಾಗದೆ, ಹೊರಗಿನವರು ಕೇಳಿದಾಗ ಮಾತ್ರ ಬೆಲೆ ಪಡೆಯುತ್ತದೆ: ಬ್ಯಾಂಕು, ಆಧಾರ್ ಕೇಂದ್ರ, ಪಾಸ್‌ಪೋರ್ಟ್. ಒಂದು ಸಂದರ್ಭ ಬೇರೆ. ಬಿರುಗಾಳಿಗೆ ತಂತಿ ಹರಿದು ಬಿದ್ದ ರಾತ್ರಿ 1912ಕ್ಕೆ ಫೋನ್ ಮಾಡಿ ಆರ್.ಆರ್. ನಂಬರ್ ಹೇಳಿದರೆ ಆಚೆ ಕಡೆ ಕೂತವರ ಕಣ್ಣಿಗೆ ಬೀಳುವುದು ದಾಖಲೆಯಲ್ಲಿರುವ ಊರು. ದೂರು ಹೊಳೆಯಾಚೆಯ ಲೈನ್‌ಮನ್‌ಗೆ ಹೋದರೆ ತಂತಿ ಬಿದ್ದಲ್ಲೇ ಬಿದ್ದಿರುತ್ತದೆ. ಬ್ಯಾಂಕಿನ ಕೆಲಸಕ್ಕಿಂತ ಇದು ನನಗೆ ಹೆಚ್ಚಿನದಾಗಿ ಕಂಡಿತು.

ಇನ್ನು ಪತ್ರ. ಕಾಕಾ ತಾನೇ ಒಂದು ಅರ್ಜಿ ಬರೆಸಿಕೊಂಡು ಬಂದಿದ್ದ. ‘ನನ್ನ ವಿಳಾಸ ಬದಲಾಗಿದ್ದು, ಹೊಸ ವಿಳಾಸಕ್ಕೆ ಮಾಡಿಕೊಡಬೇಕಾಗಿ ವಿನಂತಿ’ ಎಂಬ ಎರಡೇ ಸಾಲು. ಈ ಎರಡು ಸಾಲು ಕಚೇರಿಯ ಮೇಜಿಗೆ ಹೋದರೆ ಏನಾಗುತ್ತದೆಂದು ಯೋಚಿಸಿ. ವಿಳಾಸ ಬದಲಾಗಿದೆ ಅಂದರೆ ಗ್ರಾಹಕ ಮನೆ ಬಿಟ್ಟಿದ್ದಾನೆ, ಸಂಪರ್ಕವನ್ನು ಬೇರೆ ಮನೆಗೆ ಒಯ್ಯಲು ಕೇಳುತ್ತಿದ್ದಾನೆ ಎಂದು ಓದುವುದು ಸಹಜ. ಅದು ಸ್ಥಳಾಂತರ. ಅದಕ್ಕೆ ಅಂದಾಜು ಪಟ್ಟಿ, ಶುಲ್ಕ, ಹೊಸ ವೈರಿಂಗಿನ ವರದಿ ಎಲ್ಲ ಬೇಕು. ಇಲ್ಲವೇ, ಬಿಲ್ಲು ಅಥವಾ ನೋಟಿಸು ಕಳಿಸುವ ವಿಳಾಸ ಮಾತ್ರ ಬೇರೆ ಬೇಕು ಎಂದು ಓದಬಹುದು. ಆಗ ಪತ್ರವ್ಯವಹಾರದ ವಿಳಾಸ ತಿದ್ದಿ, ಸಂಪರ್ಕದ ವಿಳಾಸ ಹಾಗೇ ಬಿಡುತ್ತಾರೆ. ಮನೆ ಕೊಂಡವರಾಗಿದ್ದರೆ ಮೂರನೆಯದೊಂದು ಸೇರಿಕೊಳ್ಳುತ್ತದೆ, ಹೆಸರು ವರ್ಗಾವಣೆ. ಅದರ ಅರ್ಜಿ ಬೇರೆ, ದಾಖಲೆ ಬೇರೆ, ಠೇವಣಿಯ ಲೆಕ್ಕವೂ ಅದರಲ್ಲಿ ಬರುತ್ತದೆ. ಒಂದೇ ಪತ್ರದಲ್ಲಿ ಹೆಸರನ್ನೂ ವಿಳಾಸವನ್ನೂ ಕಲೆಸಿದರೆ ಎರಡೂ ನಿಲ್ಲುವುದನ್ನು ನಾನು ಕಂಡಿದ್ದೇನೆ. ಕಾಕಾನದು ಇವು ಯಾವುವೂ ಅಲ್ಲ. ಮನೆ ಅದೇ, ಮೀಟರು ಅದೇ, ಹೆಸರು ಅದೇ. ಬರೆದ ಸಾಲು ಮಾತ್ರ ತಪ್ಪು. ಪತ್ರದ ಹೊಣೆ ಇದೊಂದನ್ನು ಸಾಬೀತು ಮಾಡುವುದು: ಏನೂ ಸರಿದಿಲ್ಲ.

ಇದನ್ನು ಬರೆಯುವಾಗ ನಮ್ಮ ಜಾಗಕ್ಕೇ ಇರುವ ಒಂದು ತೊಡಕು ಎದುರಾಯಿತು. ಶಿವಯೋಗ ಮಂದಿರ ಅಂದರೆ ಸಂಸ್ಥೆಯ ಹೆಸರು, ಊರಿನ ಹೆಸರೂ ಅದೇ. ಬಸ್ಸಿನ ಬೋರ್ಡಿನಲ್ಲಿ ಅದು ಊರು, ಭಕ್ತರ ಬಾಯಲ್ಲಿ ಅದು ಮಠ. ಸರಿಯಾದ ವಿಳಾಸ ‘ಶಿವಯೋಗ ಮಂದಿರ, ತಾ. ಬಾದಾಮಿ’ ಎಂದಷ್ಟೇ ಬರೆದರೆ, ಇದು ಸಂಸ್ಥೆಯ ಕಟ್ಟಡವೊಂದರ ಸಂಪರ್ಕ ಎಂದು ತಿಳಿಯಲು ಅವಕಾಶವಿದೆ. ಹಾಗಾದರೆ ಮನೆ ಬಳಕೆಯ ದರಪಟ್ಟಿಯ ಬಗ್ಗೆಯೇ ಪ್ರಶ್ನೆ ಏಳಬಹುದು, ಸಂಸ್ಥೆಯವರ ಒಪ್ಪಿಗೆ ಪತ್ರ ತನ್ನಿ ಎನ್ನಬಹುದು. ಅದಕ್ಕೇ ಪಂಚಾಯಿತಿಯ ಆಸ್ತಿ ಸಂಖ್ಯೆಯನ್ನು ಮೊದಲು ಹಾಕಿ, ‘ಖಾಸಗಿ ವಾಸದ ಮನೆ’ ಎಂದು ಸ್ಪಷ್ಟವಾಗಿ ಬರೆದು, ಆಮೇಲೆ ಊರಿನ ಹೆಸರಿಗೆ ಬಂದೆವು. ಪಟ್ಟದಕಲ್ಲು, ಮಹಾಕೂಟ ಮುಂತಾದ ಕಡೆ ಗುಡಿಯ ಸುತ್ತ ಬಾಳುವವರಿಗೂ ಈ ಎಚ್ಚರ ಬೇಕಾದೀತು.

ಕಡೆಗೆ ಸಿದ್ಧವಾದ ಪತ್ರ ಹೀಗಿತ್ತು. ಅಂಕಿಗಳನ್ನು ಬಿಟ್ಟಿದ್ದೇನೆ.

“ಗೆ, ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿ), ಉಪವಿಭಾಗ ಕಚೇರಿ. ಮಾನ್ಯರೇ,

ವಿಷಯ: ಬಿಲ್ಲಿನಲ್ಲಿ ಮುದ್ರಿತವಾಗುತ್ತಿರುವ ಸಂಪರ್ಕ ಸ್ಥಳದ ವಿಳಾಸದ ತಿದ್ದುಪಡಿ. ಆರ್.ಆರ್. ನಂಬರ್ …, ಅಕೌಂಟ್ ಐ.ಡಿ. …, ಮೀಟರ್ ಕ್ರಮಾಂಕ ….

ಮೇಲಿನ ಸಂಪರ್ಕವು ನನ್ನ ಹೆಸರಿನಲ್ಲಿದ್ದು, ಆರಂಭದಿಂದಲೂ ಇದೇ ಮನೆಯಲ್ಲಿದೆ. ಮೀಟರನ್ನಾಗಲಿ ಸರ್ವಿಸ್ ವೈರನ್ನಾಗಲಿ ಸ್ಥಳಾಂತರಿಸಿಲ್ಲ, ಸ್ಥಳಾಂತರವನ್ನು ಕೇಳುತ್ತಲೂ ಇಲ್ಲ. ಹೆಸರಿನಲ್ಲಿ, ಮಂಜೂರಾದ ಲೋಡಿನಲ್ಲಿ, ಬಳಕೆಯ ವರ್ಗದಲ್ಲಿ ಬದಲಾವಣೆ ಬೇಡ.

ಈಗ ಬಿಲ್ಲಿನಲ್ಲಿ ಬರುತ್ತಿರುವುದು: … (ಬಿಲ್ಲಿನಲ್ಲಿ ಇರುವಂತೆಯೇ). ಬರಬೇಕಾದುದು: ಆಸ್ತಿ ಸಂಖ್ಯೆ …, ವಾಸದ ಮನೆ, ಶಿವಯೋಗ ಮಂದಿರ, ತಾ. ಬಾದಾಮಿ, ಜಿ. ಬಾಗಲಕೋಟೆ, ಪಿನ್ ….

ಸಂಪರ್ಕದ ಮೂಲ ಅರ್ಜಿಯಲ್ಲಿ ನನ್ನ ಅಂದಿನ ಕಾಯಂ ವಿಳಾಸವಿದ್ದು, ಅದೇ ಸಂಪರ್ಕ ಸ್ಥಳವೆಂದು ದಾಖಲಾಗಿರುತ್ತದೆ. ಸ್ಥಳದ ಗುರುತಿಗಾಗಿ: ನಮ್ಮ ಮನೆಗೆ ತಂತಿ ಬರುವ ಕಂಬದ ಸಂಖ್ಯೆ …, ಟಿ.ಸಿ. …, ಅದೇ ಕಂಬದಿಂದ ಸಂಪರ್ಕ ಪಡೆದಿರುವ ಪಕ್ಕದ ಮನೆಯ ಆರ್.ಆರ್. ನಂಬರ್ …. ಸ್ಥಳ ಪರಿಶೀಲನೆಗೆ ನನ್ನ ಒಪ್ಪಿಗೆ ಇದೆ. ದಯವಿಟ್ಟು ಸಂಪರ್ಕ ಸ್ಥಳದ ವಿಳಾಸ ಮತ್ತು ಪತ್ರವ್ಯವಹಾರದ ವಿಳಾಸ ಎರಡನ್ನೂ ತಿದ್ದಿಕೊಡಬೇಕಾಗಿ ವಿನಂತಿ.”

ಕೆಳಗೆ ಸಹಿ, ದಿನಾಂಕ, ಫೋನ್ ನಂಬರ್. ಜೊತೆಗೆ ಇತ್ತೀಚಿನ ಬಿಲ್ಲು, ಹಳೆಯ ಅರ್ಜಿಯ ನಕಲು, ಪಂಚಾಯಿತಿಯ ಉತಾರ, ಮನೆ ಪಟ್ಟಿ ಕಟ್ಟಿದ ರಸೀದಿ, ಮೀಟರಿನ ಒಂದು ಫೋಟೊ.

ಈ ಪತ್ರದಲ್ಲಿ ಹೆಚ್ಚು ಕೆಲಸ ಮಾಡಿದ್ದು ಪಕ್ಕದ ಮನೆಯ ಆರ್.ಆರ್. ನಂಬರ್. ಅದು ನಮ್ಮದೇ ಮನೆಯ ನಂಬರು. ನಮ್ಮ ಬಿಲ್ಲಿನಲ್ಲಿ ಊರು ಸರಿಯಾಗಿದೆ. ಎರಡು ಮನೆಗಳಿಗೆ ಒಂದೇ ಕಂಬದಿಂದ ತಂತಿ ಬಂದು, ಒಂದರ ಬಿಲ್ಲು ಶಿವಯೋಗ ಮಂದಿರ ಎಂದೂ ಇನ್ನೊಂದರದು ಹೊಳೆಯಾಚೆ ಎಂದೂ ಹೇಳುತ್ತಿದ್ದರೆ, ತಪ್ಪು ದಾಖಲೆಯಲ್ಲಿದೆ ಎಂದು ಕುರ್ಚಿ ಬಿಟ್ಟೇಳದೆಯೇ ತಿಳಿಯುತ್ತದೆ. ಸ್ಥಳ ಪರಿಶೀಲನೆಗೆ ಬರುವವರಿಗೂ ನೇರ ದಾರಿ. ಆಧಾರ್, ಮತದಾರರ ಚೀಟಿ ಇವು ಮನುಷ್ಯ ಎಲ್ಲಿದ್ದಾನೆ ಎನ್ನುತ್ತವೆ. ಮೀಟರು ಎಲ್ಲಿದೆ ಎನ್ನುವುದು ಕಂಬ ಮತ್ತು ಟಿ.ಸಿ. ಕಚೇರಿಗೆ ಬೇಕಾದದ್ದು ಎರಡನೆಯದು.

ವಿಳಾಸವನ್ನು ಚಿಕ್ಕದಾಗಿ, ಮುಖ್ಯವಾದುದನ್ನು ಮುಂದಿಟ್ಟು ಬರೆದುದಕ್ಕೂ ಕಾರಣವಿದೆ. ಮನೆ ಬಾಗಿಲಲ್ಲಿ ಮುದ್ರಿಸಿ ಕೊಡುವ ಬಿಲ್ಲಿನ ಕಾಗದ ಅಗಲ ಕಡಿಮೆ. ‘ಶ್ರೀ ವೀರಭದ್ರೇಶ್ವರ ದೇವಸ್ಥಾನದ ಹತ್ತಿರದ ಓಣಿಯ ಎಡಗಡೆ’ ಎಂದು ಶುರು ಮಾಡಿದರೆ ಊರು ಬರುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ಹೆಗ್ಗುರುತು ಬೇಕಿದ್ದರೆ ಪತ್ರದ ಒಡಲಿನಲ್ಲಿ ಇರಲಿ, ಮುದ್ರಣಕ್ಕೆ ಬರುವ ವಿಳಾಸದಲ್ಲಿ ಬೇಡ. ಇಂಗ್ಲಿಷಿನಲ್ಲಿ ಟೈಪು ಮಾಡುವುದಾದರೆ ಕಾಗುಣಿತ ಹೀಗಿರಲಿ ಎಂದು ಒಂದು ಸಾಲು ಬರೆದುಕೊಟ್ಟೆವು: SHIVAYOGA MANDIRA. ಕೆಲವು ದಾಖಲೆಗಳಲ್ಲಿ ಕೊನೆಯ ಅಕ್ಷರ ಇರುವುದಿಲ್ಲ, ಕೆಲವದರಲ್ಲಿ ಎರಡೂ ಪದ ಕೂಡಿರುತ್ತವೆ. ಯಾವುದು ಸರಿ ಎಂಬ ವಾದ ಇಲ್ಲಿ ಬೇಡ. ಉತಾರದಲ್ಲಿ ಹೇಗಿದೆಯೋ ಬಿಲ್ಲಿನಲ್ಲೂ ಹಾಗೇ ಇರಬೇಕು, ನಾಳೆ ಆಧಾರಿನಲ್ಲೂ ಹಾಗೇ ಬರಬೇಕು. ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಮತ್ತೆ ಯಾರೋ ‘ಇದು ಅದೇ ಊರೇನು?’ ಎಂದು ಕೇಳುತ್ತಾರೆ.

ಉತಾರದ ಮಾತು ಬಂತು. ಇದು ಸಿಗದೆ ಸುತ್ತುವವರು ಬಹಳ. ಬ್ಯಾಂಕಿನವರು ಕರೆಂಟ್ ಬಿಲ್ ಕೇಳುತ್ತಾರೆ, ಬಿಲ್ಲು ತಿದ್ದಲು ಕಚೇರಿಯವರು ವಿಳಾಸದ ದಾಖಲೆ ಕೇಳುತ್ತಾರೆ, ಆಧಾರ್ ಕೊಟ್ಟರೆ ಅದರಲ್ಲೂ ಹಳೆಯ ವಿಳಾಸ. ಆಧಾರ್ ತಿದ್ದಲು ಹೋದರೆ ಅಲ್ಲಿ ಮತ್ತೆ ಮೂರು ತಿಂಗಳೊಳಗಿನ ಕರೆಂಟ್ ಬಿಲ್ ತೋರಿಸಬಹುದು ಅನ್ನುತ್ತಾರೆ. ಸುತ್ತು ಹರಿಯಬೇಕಾದರೆ ಈ ಮೂವರಿಗೂ ಸೇರದ ಒಂದು ಕಾಗದ ಬೇಕು. ಹಳ್ಳಿಯಲ್ಲಿ ಅದು ಪಂಚಾಯಿತಿಯಿಂದ ಬರುತ್ತದೆ: ಮನೆಯ ಉತಾರ, ಈಗಿನ ಇ-ಸ್ವತ್ತಿನ ನಮೂನೆ 9. ಅದರಲ್ಲಿ ಆಸ್ತಿ ಸಂಖ್ಯೆ, ಚೆಕ್ಕುಬಂದಿ, ಊರು ಎಲ್ಲ ಇರುತ್ತದೆ. ಹೊಲದ ಮನೆಯಾಗಿದ್ದು ಪಂಚಾಯಿತಿ ಉತಾರ ಇಲ್ಲದಿದ್ದರೆ ಪಹಣಿಯ ಸರ್ವೆ ನಂಬರ್ ಹಿಡಿದು ಹೋಗಬೇಕಾಗುತ್ತದೆ. ಕಾಕಾನ ಅದೃಷ್ಟ, ಮನೆ ಪಟ್ಟಿ ಬಾಕಿ ಇರಲಿಲ್ಲ, ಉತಾರ ಸುಲಭವಾಗಿ ಸಿಕ್ಕಿತು.

ಎರಡು ಪ್ರತಿ ಒಯ್ದೆವು. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡೆವು. ಕಾಕಾಗೆ ಇದು ಒಗ್ಗಲಿಲ್ಲ. “ನಮ್ಮ ಸಾಹೇಬ್ರು ಅದಾರಲ್ಲ, ಅವರ ಕೈಯಾಗ ಕೊಟ್ರ ಆತು” ಎಂದ. ಕೈಯಲ್ಲಿ ಕೊಟ್ಟ ಕಾಗದ ಸಾಹೇಬರು ವರ್ಗವಾದರೆ ಅವರ ಮೇಜಿನ ಡ್ರಾವರಿನಲ್ಲೇ ಉಳಿಯಬಹುದು. ಆವಕ ಸಂಖ್ಯೆ ಬಿದ್ದ ಕಾಗದಕ್ಕೆ ಯಾರಾದರೂ ಉತ್ತರ ಹೇಳಲೇಬೇಕು. ಪತ್ರ ಅಲ್ಲಿಂದ ಶಾಖಾಧಿಕಾರಿಗೆ ಹೋಯಿತು. ಲೈನ್‌ಮನ್ ಬಂದು ಮೀಟರ್ ಕ್ರಮಾಂಕ ಓದಿಕೊಂಡ, ಕಂಬ ನೋಡಿದ, ನಮ್ಮ ಮನೆಯ ಬಿಲ್ಲನ್ನೂ ಕೇಳಿ ನೋಡಿದ. ಅಂಗಳದಲ್ಲಿ ಅಂಗಡಿಯೋ ಹಿಟ್ಟಿನ ಗಿರಣಿಯೋ ಇದೆಯೇ ಎಂದೂ ಕಣ್ಣಾಡಿಸಿದ. ಮನೆ ದರದ ಮೀಟರಿನಲ್ಲಿ ವ್ಯಾಪಾರ ನಡೆದಿದ್ದರೆ ವಿಳಾಸದ ಅರ್ಜಿ ಬೇರೆಯೇ ದಿಕ್ಕು ಹಿಡಿಯುತ್ತಿತ್ತು. ಅಂಥದ್ದಿದ್ದವರು ಮೊದಲು ಅದನ್ನು ಸರಿಪಡಿಸಿಕೊಂಡು ಅರ್ಜಿ ಹಾಕುವುದು ಒಳಿತು. ಶಾಖೆಯ ವರದಿ ಉಪವಿಭಾಗಕ್ಕೆ ಮರಳಿದ ಮೇಲೆ ತಿದ್ದುಪಡಿ ಆಗುವುದು ಅಲ್ಲಿಯ ಕಂದಾಯ ವಿಭಾಗದ ಕಂಪ್ಯೂಟರಿನಲ್ಲಿ, ಇಂಜಿನಿಯರ ಮೇಜಿನಲ್ಲಿ ಅಲ್ಲ. ಹಾಗಾಗಿ ವಿಚಾರಿಸಲು ಹೋದಾಗ, ‘ಶಾಖೆಯ ವರದಿ ಬಂದಿದೆಯೆ, ಕಂದಾಯದಲ್ಲಿ ಎಂಟ್ರಿ ಆಗಿದೆಯೆ’ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ‘ನಮ್ಮ ಅರ್ಜಿ ಏನಾಯ್ತು’ ಎಂದರೆ ‘ಆಗ್ತದ’ ಎಂಬ ಉತ್ತರ ಬರುತ್ತದೆ.

ಮುಂದಿನ ಬಿಲ್ಲಿನಲ್ಲಿ ಜಿಲ್ಲೆ ಬಾಗಲಕೋಟೆ ಎಂದಾಗಿತ್ತು, ಊರು ಹಳೆಯದೇ. ಕಾಕಾ ಸಿಟ್ಟಾದ. ಕೇಳಿದರೆ ಪತ್ರವ್ಯವಹಾರದ ವಿಳಾಸ ಪೂರ್ತಿ ತಿದ್ದಿತ್ತು, ಸಂಪರ್ಕ ಸ್ಥಳದ ವಿಳಾಸದಲ್ಲಿ ಜಿಲ್ಲೆ ಮಾತ್ರ ತಿದ್ದಿತ್ತು. ಪತ್ರದ ಕೊನೆಯ ಸಾಲಿನಲ್ಲಿ ಎರಡನ್ನೂ ಕೇಳಿದ್ದರಿಂದ ಹೊಸ ಅರ್ಜಿ ಬೇಕಾಗಲಿಲ್ಲ. ಸೀಲು ಬಿದ್ದ ಪ್ರತಿ ತೋರಿಸಿದೆವು, ಅಲ್ಲೇ ಕೂತು ಸರಿಪಡಿಸಿದರು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಓದಿ ನೋಡಿ ಅಂದರು. ಆ ಗುಮಾಸ್ತೆಯ ಸೌಜನ್ಯವನ್ನು ನೆನೆಯಬೇಕು. ಪರದೆಯಲ್ಲಿ ಸರಿಯಾದ ಮೇಲೂ ರೀಡಿಂಗ್ ಹುಡುಗನ ಕೈಯಲ್ಲಿರುವ ಯಂತ್ರಕ್ಕೆ ಹೊಸ ದಾಖಲೆ ತುಂಬಿದ ಮೇಲಷ್ಟೇ ಕಾಗದದಲ್ಲಿ ಬರುತ್ತದೆ. ಕಂಪನಿಯ ಜಾಲತಾಣದಲ್ಲಿ ಅಕೌಂಟ್ ಐ.ಡಿ. ಹಾಕಿ ನೋಡಿದರೆ ಒಳಗಿನ ದಾಖಲೆ ತಿದ್ದಿದೆಯೋ ಇಲ್ಲವೋ ಮೊದಲೇ ಗೊತ್ತಾಗಬಹುದು. ಎಷ್ಟು ಕೇಳಿದರೂ ಆಗದಿದ್ದವರಿಗೆ ಮುಂದಿನ ಬಾಗಿಲೂ ಇದೆ: 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಕಲಮಿನಂತೆ ಪ್ರತಿ ವಿತರಣಾ ಕಂಪನಿಯೂ ಗ್ರಾಹಕರ ಕುಂದುಕೊರತೆ ಪರಿಹಾರಕ್ಕೆ ವೇದಿಕೆ ಇಟ್ಟಿರಬೇಕು. ಅಲ್ಲಿಗೆ ಹೋಗುವವರ ಕೈಯಲ್ಲೂ ಆವಕ ಸಂಖ್ಯೆಯ ಪ್ರತಿ ಇರಬೇಕು.

ಬಿಲ್ಲು ತಿದ್ದಿಬಂದ ಸುದ್ದಿ ಓಣಿಯಲ್ಲಿ ಹರಡಿ, ಇನ್ನೊಬ್ಬರು ತಮ್ಮ ಬಿಲ್ಲು ತಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ಅಣ್ಣ ತಮ್ಮಂದಿರ ಪಾಲಿನ ಜಗಳದಲ್ಲಿರುವ ಮನೆಯ ವಿಳಾಸವನ್ನು ಬಿಲ್ಲಿನಲ್ಲಿ ತಿದ್ದಿಸಿಕೊಂಡರೆ ಮನೆ ತಮ್ಮದೆಂದು ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಅದು ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಕರೆಂಟ್ ಬಿಲ್ಲು ಇಂಥ ಜಾಗದಲ್ಲಿ ಇಂಥವರ ಹೆಸರಿನ ಸಂಪರ್ಕ ಇದೆ ಎಂದಷ್ಟೇ ಹೇಳುತ್ತದೆ, ಮಾಲೀಕತ್ವದ ಹಕ್ಕನ್ನು ಕೊಡುವುದಿಲ್ಲ.

ಕಾಕಾ ಹೊಸ ಬಿಲ್ಲು ಬಂದ ವಾರದಲ್ಲೇ ಬ್ಯಾಂಕಿಗೆ ಹೋದ, ಎರಡು ತಿಂಗಳ ಗಡುವಿನ ಮಾತು ಮರೆತಿರಲಿಲ್ಲ. ಅವರು ಬಿಲ್ಲು ಒಪ್ಪಿಕೊಂಡು, ಮೂರು ತಿಂಗಳೊಳಗೆ ಆಧಾರನ್ನೂ ಇದೇ ವಿಳಾಸಕ್ಕೆ ತಿದ್ದಿಸಿ ತಂದುಕೊಡಿ ಎಂದರು. ಅದೇ ಬಿಲ್ಲಿನ ಮೂಲಪ್ರತಿ ಹಿಡಿದು ಆಧಾರ್ ಕೇಂದ್ರಕ್ಕೂ ಹೋಗಿ ಬಂದ. ಆ ಚೀಟಿಯ ಅಕ್ಷರ ಬಿಸಿಲಿಗೆ ಬೇಗ ಅಳಿಯುತ್ತದೆಂದು ಎರಡು ಜೆರಾಕ್ಸ್ ತೆಗೆಸಿ, ಹಳೆಯ ಕೆ.ಇ.ಬಿ. ರಸೀದಿಯ ಜೊತೆ ಟ್ರಂಕಿನಲ್ಲಿ ಇಡಲು ಹೇಳಿದ್ದೇನೆ. ಮುಂದೆ ಮಗನ ಹೆಸರಿಗೆ ಸಂಪರ್ಕ ವರ್ಗಾಯಿಸುವಾಗ ಆ ರಸೀದಿಯ ಠೇವಣಿ ಲೆಕ್ಕಕ್ಕೆ ಬೇಕಾಗುತ್ತದೆ.